ನಿಮಗಿದು ಗೊತ್ತೇ? ಇಳಿಸಿದ ತೂಕವನ್ನು ಮೈ ಮರಳಿ ಕೇಳುತ್ತದೆ

ಅನ್ನ ಬಿಟ್ಟು, ಸಕ್ಕರೆ ಬಿಟ್ಟು, ಬೆಳಗಾಗುವ ಮೊದಲೇ ಪಾರ್ಕಿನಲ್ಲಿ ಸುತ್ತು ಹೊಡೆದು ಎಂಟು ಕಿಲೋ ಇಳಿಸಿಕೊಂಡವರನ್ನು ಎರಡು–ಮೂರು ವರ್ಷ ಬಿಟ್ಟು ಮಾತಾಡಿಸಿ ನೋಡಿ. ಹೆಚ್ಚಿನವರು ಹಳೆಯ ತೂಕದ ಆಸುಪಾಸಿಗೆ ಮರಳಿರುತ್ತಾರೆ. ‘ಅವರಿಗೆ ಬಾಯಿ ಕಟ್ಟೋಕೆ ಬರಲ್ಲ ಕಣ್ರೀ’ ಎಂದು ನೆಂಟರು ತೀರ್ಪು ಕೊಟ್ಟು ಮುಗಿಸುತ್ತಾರೆ. ಸಂಶೋಧಕರಿಗೆ ಮಾತ್ರ ಎಪ್ಪತ್ತು ವರ್ಷಗಳಿಂದ ಬೇರೆಯದೇ ಅನುಮಾನ. ಬಾಯಿಯ ಹಿಂದೆ ನಿಂತು ಯಾರೋ ಲೆಕ್ಕ ಇಡುತ್ತಿದ್ದಾರೆ ಎಂಬುದು ಅವರ ಗುಮಾನಿ.

ಮೈ ಕಾಯುವುದು ತೂಕವನ್ನಲ್ಲ, ಕೊಬ್ಬನ್ನು

1953ರಲ್ಲಿ ಜಿ. ಸಿ. ಕೆನಡಿ ಎಂಬ ಬ್ರಿಟಿಷ್ ಸಂಶೋಧಕರು ಒಂದು ಊಹೆ ಮುಂದಿಟ್ಟರು. ಮೈಯ ಕೊಬ್ಬು ತಾನು ಎಷ್ಟಿದ್ದೇನೆ ಎಂಬ ಸುದ್ದಿಯನ್ನು ರಕ್ತದ ಮೂಲಕ ಮಿದುಳಿಗೆ ಕಳಿಸುತ್ತಿರಬೇಕು. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಅದನ್ನು ಓದಿಕೊಂಡು ಹಸಿವನ್ನು ಏರಿಸುತ್ತ ಇಳಿಸುತ್ತ ಇರಬೇಕು. ಫ್ರಿಜ್ಜಿನ ಥರ್ಮೋಸ್ಟಾಟ್ ಒಳಗಿನ ಚಳಿಯನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಹಾಗೆ. ‘ಸೆಟ್ ಪಾಯಿಂಟ್’ ಎಂದು ಮುಂದೆ ಹೆಸರಾದ ಕಲ್ಪನೆಯ ಬೇರು ಇದೇ.

ಊಹೆ ಚೆನ್ನಾಗಿತ್ತು. ಆದರೆ ಆ ಸುದ್ದಿ ಒಯ್ಯುವ ವಸ್ತು ಯಾವುದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದು ಸಿಗಲು ನಲವತ್ತೊಂದು ವರ್ಷ ಬೇಕಾಯಿತು.

ಹೊಲಿದು ಜೋಡಿಸಿದ ಇಲಿಗಳಲ್ಲಿ ಒಂದು ಉಪವಾಸ ಬಿದ್ದು ಸತ್ತಿತು

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬ ಊರಿನಲ್ಲಿ ಜಾಕ್ಸನ್ ಪ್ರಯೋಗಾಲಯವಿದೆ. ಅಲ್ಲಿ ಎರಡು ಬಗೆಯ ದಢೂತಿ ಇಲಿಗಳಿದ್ದವು. 1949ರಲ್ಲಿ ಕಾಣಿಸಿಕೊಂಡ ಮೊದಲ ತಳಿಗೆ ‘ಒಬಿ’ ಎಂದೂ 1960ರ ದಶಕದಲ್ಲಿ ಸಿಕ್ಕ ಎರಡನೆಯದಕ್ಕೆ ‘ಡಿಬಿ’ ಎಂದೂ ಹೆಸರು. ಎರಡೂ ಹೊತ್ತುಗೊತ್ತಿಲ್ಲದೆ ತಿನ್ನುತ್ತಿದ್ದವು, ನೋಡಲಿಕ್ಕೂ ಒಂದೇ ಥರ. ಡಗ್ಲಾಸ್ ಕೋಲ್‌ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಪಕ್ಕೆಗಳನ್ನು ಸೇರಿಸಿ ಹೊಲಿದರು. ಹೀಗೆ ಮಾಡಿದರೆ ಸಣ್ಣ ರಕ್ತನಾಳಗಳು ಕೂಡಿಕೊಂಡು ಒಂದರ ರಕ್ತ ಸ್ವಲ್ಪ ಸ್ವಲ್ಪವೇ ಇನ್ನೊಂದಕ್ಕೆ ಹರಿಯುತ್ತದೆ. ಕೇಳಲು ಹಿಂಸೆ ಎನಿಸುತ್ತದೆ, ಹಿಂಸೆಯೇ ಹೌದು. ಆದರೆ ಉತ್ತರ ಅಷ್ಟು ಸ್ಪಷ್ಟವಾಗಿ ಬೇರೆ ದಾರಿಯಲ್ಲಿ ಸಿಗುತ್ತಿರಲಿಲ್ಲ.

ಡಿಬಿ ಇಲಿಯನ್ನು ಸಾಧಾರಣ ಇಲಿಗೆ ಜೋಡಿಸಿದಾಗ ಸಾಧಾರಣ ಇಲಿ ತಿನ್ನುವುದನ್ನೇ ಬಿಟ್ಟು ಸತ್ತಿತು. ಡಿಬಿಗೆ ಏನೂ ಆಗಲಿಲ್ಲ, ಅದು ತಿನ್ನುತ್ತಲೇ ಇತ್ತು. ಒಬಿ ಇಲಿಯನ್ನು ಸಾಧಾರಣ ಇಲಿಗೆ ಜೋಡಿಸಿದಾಗ ಯಾರೂ ಸಾಯಲಿಲ್ಲ, ಒಬಿಯ ಹಸಿವು ತಗ್ಗಿತು. ಕೊನೆಗೆ ಡಿಬಿಯನ್ನೂ ಒಬಿಯನ್ನೂ ಜೋಡಿಸಿದರು. ಒಬಿ ಉಪವಾಸ ಬಿದ್ದು ಸತ್ತಿತು, ಡಿಬಿ ಎಂದಿನಂತೆ ತಿನ್ನುತ್ತ ಕೂತಿತ್ತು.

ಕೋಲ್‌ಮನ್ ಹೀಗೆ ಅರ್ಥ ಮಾಡಿಕೊಂಡರು: ‘ಸಾಕು’ ಎನ್ನುವ ವಸ್ತು ರಕ್ತದಲ್ಲಿದೆ. ಒಬಿಗೆ ಅದನ್ನು ತಯಾರಿಸಲು ಬಾರದು, ಆದರೆ ಸಿಕ್ಕರೆ ಕೇಳಿಸಿಕೊಳ್ಳುತ್ತದೆ. ಡಿಬಿಯ ಮೈಯಲ್ಲಿ ಅದು ಬೇಕಾದಷ್ಟಿದೆ, ಆದರೆ ಕೇಳಿಸಿಕೊಳ್ಳುವ ಅಂಗಕ್ಕೇ ಕಿವುಡು. ಕೋಲ್‌ಮನ್ನರ ಮಾತನ್ನು ಬಹಳ ಮಂದಿ ನಂಬಲಿಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಒಬಿ ಇಲಿಗಳಲ್ಲಿ ಕೆಟ್ಟಿದ್ದ ಜೀನನ್ನೇ ಹಿಡಿದು ತೋರಿಸಿತು. ಅದು ತಯಾರಿಸಬೇಕಾದ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಟ್ಟರು. ಅದನ್ನು ಸ್ರವಿಸುವುದು ಕೊಬ್ಬಿನ ಜೀವಕೋಶಗಳೇ. ಕೊಬ್ಬು ಹೆಚ್ಚಿದಷ್ಟೂ ರಕ್ತದಲ್ಲಿ ಲೆಪ್ಟಿನ್ ಹೆಚ್ಚು. ಕೆನಡಿಯ ಊಹೆಗೆ ಕೊನೆಗೂ ಆಧಾರ ಸಿಕ್ಕಿತ್ತು.

ಒಂಬತ್ತು ವರ್ಷದ ಹುಡುಗಿ, 94 ಕಿಲೋ

ಮನುಷ್ಯರಲ್ಲೂ ಒಬಿ ಇಲಿಯಂಥವರು ಇದ್ದಾರೆಯೇ? ಇದ್ದಾರೆ, ತೀರಾ ಅಪರೂಪಕ್ಕೆ. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರ ತಂಡ ಪಾಕಿಸ್ತಾನಿ ಮೂಲದ ಕುಟುಂಬವೊಂದರಲ್ಲಿ ಲೆಪ್ಟಿನ್ ಇಲ್ಲದೇ ಹುಟ್ಟಿದ ಇಬ್ಬರು ಮಕ್ಕಳನ್ನು ಗುರುತಿಸಿತು. ಹುಟ್ಟಿದಾಗ ತೂಕ ಸರಿಯಾಗಿಯೇ ಇತ್ತು. ಕೆಲವೇ ತಿಂಗಳಲ್ಲಿ ಹಸಿವು ಶುರುವಾಯಿತು, ಎಷ್ಟು ಉಣಿಸಿದರೂ ತಣಿಯದ ಹಸಿವು. ಅವರಲ್ಲಿ ಒಬ್ಬಳಿಗೆ ಒಂಬತ್ತು ವರ್ಷವಾದಾಗ ತೂಕ 94 ಕಿಲೋ ದಾಟಿತ್ತು. ದಿನಕ್ಕೊಂದು ಲೆಪ್ಟಿನ್ ಚುಚ್ಚುಮದ್ದು ಕೊಡತೊಡಗಿದರು. ವರ್ಷದಲ್ಲಿ 16 ಕಿಲೋಗೂ ಹೆಚ್ಚು ಇಳಿಯಿತು. ಇಳಿದದ್ದು ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ.

ಆ ಹುಡುಗಿಗೆ ಯಾರೂ ಮನೋಬಲದ ಪಾಠ ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ರಕ್ತದಲ್ಲಿ ಇಲ್ಲದ ಒಂದು ಪ್ರೋಟೀನನ್ನು ತುಂಬಿಕೊಟ್ಟರು, ಬಟ್ಟಲು ತಾನಾಗಿ ಚಿಕ್ಕದಾಯಿತು.

ಹಾಗಿದ್ದರೆ ದಪ್ಪಗಿರುವ ಎಲ್ಲರಿಗೂ ಲೆಪ್ಟಿನ್ ಚುಚ್ಚಿದರೆ ಆಯಿತಲ್ಲ?

ಔಷಧ ಕಂಪನಿಗಳೂ ಹಾಗೇ ಅಂದುಕೊಂಡವು. ಆಮ್ಜೆನ್ ಎಂಬ ಕಂಪನಿ ಈ ಜೀನಿನ ಹಕ್ಕಿಗಾಗಿ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 2 ಕೋಟಿ ಡಾಲರ್ ಎಣಿಸಿತು. ಸಾಮಾನ್ಯ ಬೊಜ್ಜಿನವರಿಗೆ ಚುಚ್ಚಿದರೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಕಾರಣ ಸರಳ. ಅವರ ರಕ್ತದಲ್ಲಿ ಲೆಪ್ಟಿನ್ ಆಗಲೇ ತುಂಬಿ ತುಳುಕುತ್ತಿತ್ತು.

ಈ ಸೋಲಿನಿಂದಲೇ ಒಂದು ಒಳ್ಳೆಯ ತಿಳಿವಳಿಕೆ ಹೊರಟಿತು. ಲೆಪ್ಟಿನ್ ಏರಿದಾಗ ಮಿದುಳು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇಳಿದಾಗ ಮಾತ್ರ ಮೈಯಿಡೀ ಎಚ್ಚರಗೊಳ್ಳುತ್ತದೆ. ಹಸಿವು ಹೆಚ್ಚುತ್ತದೆ, ಥೈರಾಯ್ಡ್ ಹಾರ್ಮೋನು ತಗ್ಗುತ್ತದೆ, ಸಂತಾನಶಕ್ತಿಯೂ ಹಿಂದೆ ಸರಿಯುತ್ತದೆ. ಅದು ‘ಸಾಕು’ ಎಂಬ ಹಾರ್ಮೋನು ಎನ್ನುವುದಕ್ಕಿಂತ ‘ಬರಗಾಲ ಬಂತು’ ಎಂದು ಎಚ್ಚರಿಸುವ ಹಾರ್ಮೋನು ಎನ್ನುವುದೇ ಹೆಚ್ಚು ಸರಿ. ಈ ಒಂದು ಮಾತು ಹಿಡಿದುಕೊಂಡರೆ ಮುಂದಿನದೆಲ್ಲ ಬಿಚ್ಚಿಕೊಳ್ಳುತ್ತದೆ.

ಹಸಿವಿನ ಪ್ರಯೋಗಕ್ಕೆ ಒಪ್ಪಿದ 36 ಮಂದಿ

1944ರ ನವೆಂಬರ್. ಯುರೋಪಿನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಕೋಟಿಗಟ್ಟಲೆ ಜನ ಹಸಿದಿರುತ್ತಾರೆ, ಅವರಿಗೆ ಊಟ ಕೊಡುವುದು ಹೇಗೆಂದು ಮೊದಲೇ ತಿಳಿದಿರಬೇಕು ಎಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಒಂದು ಪ್ರಯೋಗ ಕಟ್ಟಿದರು. ಯುದ್ಧದಲ್ಲಿ ಕೊಲ್ಲಲೊಲ್ಲೆವು ಎಂದು ಧರ್ಮ, ಆತ್ಮಸಾಕ್ಷಿಯ ಕಾರಣದಿಂದ ಸೈನ್ಯ ಸೇರದ 36 ಯುವಕರು ಅದಕ್ಕೆ ಒಪ್ಪಿ ಬಂದರು. ಅವರ ವಾಸ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ.

ಮೊದಲ ಹನ್ನೆರಡು ವಾರ ದಿನಕ್ಕೆ ಸುಮಾರು 3,200 ಕ್ಯಾಲೊರಿಯ ಹೊಟ್ಟೆ ತುಂಬ ಊಟ. ಆಮೇಲೆ ಇಪ್ಪತ್ತನಾಲ್ಕು ವಾರ ಅದರ ಅರ್ಧದಷ್ಟೇ: ಆಲೂಗೆಡ್ಡೆ, ಗೆಡ್ಡೆಕೋಸು, ಕಪ್ಪು ಬ್ರೆಡ್, ಮ್ಯಾಕರೋನಿ. ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ತೂಕದ ಕಾಲು ಭಾಗ ಹೋಯಿತು.

ತೂಕ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ, ಇಳಿಯುವಾಗ ಮೈ ಏನೇನು ಮಾಡಿತು ಎಂಬುದನ್ನು ನೋಡಬೇಕು. ನಾಡಿಬಡಿತ ನಿಧಾನವಾಯಿತು. ಬೇಸಿಗೆಯಲ್ಲೂ ಚಳಿ ಎಂದು ಕಂಬಳಿ ಹೊದೆಯುತ್ತಿದ್ದರು. ವಿಶ್ರಾಂತಿಯಲ್ಲಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಸುಮಾರು 40 ಪ್ರತಿಶತ ಕುಸಿಯಿತು. ಮೈ ಚಿಕ್ಕದಾದ್ದರಿಂದ ಆಗಬೇಕಾದ ಇಳಿತಕ್ಕಿಂತ ಇದು ಹೆಚ್ಚು. ಮನಸ್ಸಿಗೆ ಊಟದ ವಿನಾ ಬೇರೇನೂ ಹೊಳೆಯುತ್ತಿರಲಿಲ್ಲ. ಅಡುಗೆ ಬಾರದ ಹುಡುಗರು ಅಡುಗೆ ಪುಸ್ತಕಗಳನ್ನು ಒಟ್ಟುಮಾಡಿ ಓದುತ್ತಿದ್ದರು. ತಟ್ಟೆಯಲ್ಲಿದ್ದ ತುತ್ತನ್ನು ಗಂಟೆಗಟ್ಟಲೆ ಎಳೆದಾಡಿ ತಿನ್ನುತ್ತಿದ್ದರು.

ಕಡಿತ ಮುಗಿದು ಬೇಕಾದಷ್ಟು ತಿನ್ನಬಹುದು ಎಂದಾಗಿನ ಕಥೆ ಇನ್ನೂ ವಿಚಿತ್ರ. ಕೆಲವರು ದಿನಕ್ಕೆ ಐದು ಸಾವಿರ ಕ್ಯಾಲೊರಿ ದಾಟಿ ತಿಂದರು, ತಿಂದ ಮೇಲೂ ಹೊಟ್ಟೆ ತುಂಬಿಲ್ಲ ಎಂದರು. ಮೊದಲು ಮರಳಿದ್ದು ಕೊಬ್ಬು. ಸ್ನಾಯು ಪೂರ್ತಿ ಮರಳುವ ಹೊತ್ತಿಗೆ ಕೊಬ್ಬು ಹಳೆಯ ಮಟ್ಟವನ್ನು ದಾಟಿ ಹೋಗಿತ್ತು. ಈ ಅಂಕಿಅಂಶಗಳನ್ನು ಐವತ್ತು ವರ್ಷಗಳ ಬಳಿಕ ಮತ್ತೆ ಲೆಕ್ಕ ಹಾಕಿದ ಅಬ್ದುಲ್ ಡುಲೂ ಮತ್ತು ಸಂಗಡಿಗರು, ಹಸಿವು ಕೊಬ್ಬಿನ ಕೊರತೆಯ ಜೊತೆಗೆ ಸ್ನಾಯುವಿನ ಕೊರತೆಗೂ ಸ್ಪಂದಿಸುತ್ತದೆ ಎಂದು ತೋರಿಸಿದರು. ಕಟ್ಟುನಿಟ್ಟಿನ ಪಥ್ಯ ಮಾಡಿ ಸ್ನಾಯು ಕಳೆದುಕೊಂಡ ತೆಳ್ಳಗಿನವರು ಆಮೇಲೆ ಮೊದಲಿಗಿಂತ ದಪ್ಪವಾಗುವುದಕ್ಕೆ ಇದೊಂದು ಕಾರಣವಿರಬಹುದು.

ಮೈ ಎರಡು ಕೈಗಳಿಂದ ಎಳೆಯುತ್ತದೆ

ಒಂದು ಕೈ ಖರ್ಚನ್ನು ಇಳಿಸುತ್ತದೆ, ಇನ್ನೊಂದು ಹಸಿವನ್ನು ಏರಿಸುತ್ತದೆ. ಖರ್ಚಿನ ಕಥೆ ಬಲು ಪ್ರಸಿದ್ಧ. 1995ರಲ್ಲಿ ರಾಕ್‌ಫೆಲರ್‌ನ ರುಡಾಲ್ಫ್ ಲೀಬೆಲ್, ಮೈಕಲ್ ರೋಸೆನ್‌ಬಾಮ್, ಜೂಲ್ಸ್ ಹರ್ಷ್ ಮೂವರೂ ಸ್ವಯಂಸೇವಕರನ್ನು ಆಸ್ಪತ್ರೆಯಲ್ಲಿರಿಸಿ, ಅಳತೆ ಮಾಡಿದ ದ್ರವಾಹಾರವನ್ನೇ ಕೊಟ್ಟು, ತೂಕವನ್ನು ಹತ್ತು ಪ್ರತಿಶತ ಇಳಿಸಿ ಅಲ್ಲೇ ನಿಲ್ಲಿಸಿ ನೋಡಿದರು. ಇಳಿದ ತೂಕಕ್ಕೆ ತಕ್ಕಷ್ಟಕ್ಕಿಂತಲೂ ಹೆಚ್ಚಾಗಿ ಖರ್ಚು ತಗ್ಗಿತ್ತು. ಅಷ್ಟೇ ದೂರ ನಡೆಯಲು ಸ್ನಾಯುಗಳು ಮೊದಲಿಗಿಂತ ಕಡಿಮೆ ಇಂಧನ ಸುಡುತ್ತಿದ್ದವು ಎಂಬುದನ್ನು ಇದೇ ಗುಂಪು ಮುಂದೆ ತೋರಿಸಿತು. ಇಳಿದವರಿಗೆ ಸ್ವಲ್ಪವೇ ಲೆಪ್ಟಿನ್ ಚುಚ್ಚಿ ಹಳೆಯ ಮಟ್ಟಕ್ಕೆ ತಂದಾಗ ಖರ್ಚು ಮತ್ತೆ ಏರಿತು. ದಪ್ಪಗಿರುವಾಗ ಕೆಲಸಕ್ಕೆ ಬಾರದ ಲೆಪ್ಟಿನ್, ಇಳಿದ ಮೇಲೆ ಕೆಲಸ ಮಾಡಿತು!

ಈ ಸಂಗತಿಯಿಂದಲೇ ‘ಪಥ್ಯ ಮಾಡಿದರೆ ಮೆಟಬಾಲಿಸಂ ಹಾಳಾಗುತ್ತದೆ’ ಎಂಬ ಮಾತು ಜಿಮ್ಮುಗಳಲ್ಲಿ ಹಬ್ಬಿದೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಜೋರಾಗಿ ಎಳೆಯುವ ಕೈ ಅದಲ್ಲ.

ಮೂತ್ರದಲ್ಲಿ ಹೋದ ಸಕ್ಕರೆ ಹಸಿವಿನ ಬಲವನ್ನು ಅಳೆದುಕೊಟ್ಟಿತು

ಹಸಿವನ್ನು ಅಳೆಯುವುದು ಕಷ್ಟ. ಪಥ್ಯದಲ್ಲಿರುವವರಿಗೆ ತಾವು ಪಥ್ಯದಲ್ಲಿದ್ದೇವೆ ಎಂಬುದು ಗೊತ್ತಿರುತ್ತದೆ. ಎಷ್ಟು ತಿಂದಿರಿ ಎಂದು ಕೇಳಿದರೆ ಸರಿಯಾದ ಲೆಕ್ಕ ಯಾರೂ ಕೊಡುವುದಿಲ್ಲ, ಕೊಡಲು ಆಗುವುದೂ ಇಲ್ಲ. ಒಬ್ಬರಿಗೆ ಗೊತ್ತೇ ಆಗದ ಹಾಗೆ ದಿನವೂ ಅವರ ಮೈಯಿಂದ ಒಂದಷ್ಟು ಕ್ಯಾಲೊರಿ ಕದಿಯಲು ಸಾಧ್ಯವಾದರೆ?

ಸಕ್ಕರೆ ಕಾಯಿಲೆಯ ಒಂದು ಮಾತ್ರೆ ಇದನ್ನೇ ಮಾಡುತ್ತದೆ. ಕ್ಯಾನಾಗ್ಲಿಫ್ಲೋಜಿನ್ ಅದರ ಹೆಸರು. ಮೂತ್ರಪಿಂಡ ರಕ್ತಕ್ಕೆ ಮರಳಿಸಬೇಕಾದ ಗ್ಲೂಕೋಸನ್ನು ಅದು ಮೂತ್ರಕ್ಕೆ ಬಿಟ್ಟುಬಿಡುತ್ತದೆ. ದಿನಕ್ಕೆ ಸುಮಾರು 90 ಗ್ರಾಂ, ಅಂದರೆ 360 ಕ್ಯಾಲೊರಿ ಹೀಗೆ ಸೋರಿಹೋಗುತ್ತದೆ. ನುಂಗಿದವರಿಗೆ ಅದರ ಅರಿವೇ ಇರುವುದಿಲ್ಲ. ಡೇವಿಡ್ ಪೊಲಿಡೋರಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು ಈ ಮಾತ್ರೆಯನ್ನು ಒಂದು ವರ್ಷ ತೆಗೆದುಕೊಂಡ 153 ಮಂದಿಯ ತೂಕದ ದಾಖಲೆಗಳನ್ನು ಹಿಡಿದು ಕುಳಿತರು. ತೂಕ ಯಾವ ವಾರ ಎಷ್ಟಿತ್ತು ಎಂಬುದರಿಂದ ಅವರು ಆಗ ಎಷ್ಟು ತಿನ್ನುತ್ತಿದ್ದರು ಎಂಬುದನ್ನು ಗಣಿತದ ಮೂಲಕ ಹಿಂದಕ್ಕೆ ಲೆಕ್ಕ ಹಾಕಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು.

ಮೊದಲು ನಮ್ಮ ಮಾಮೂಲಿ ಲೆಕ್ಕ ಹಾಕೋಣ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 360ರಂತೆ ವರ್ಷವಿಡೀ ಸೋರಿದರೆ 17 ಕಿಲೋ ಇಳಿಯಬೇಕು. ಇಳಿದದ್ದು ಮೂರು–ನಾಲ್ಕು ಕಿಲೋ ಮಾತ್ರ, ಆಮೇಲೆ ತೂಕದ ಯಂತ್ರದ ಮುಳ್ಳು ನಿಂತುಬಿಟ್ಟಿತು. ಮಾತ್ರೆ ನಿಂತಿರಲಿಲ್ಲ, ಸಕ್ಕರೆ ಸೋರುವುದೂ ನಿಂತಿರಲಿಲ್ಲ. ತಿನ್ನುವುದು ಹೆಚ್ಚಾಗಿತ್ತು, ತಿನ್ನುವವರಿಗೇ ತಿಳಿಯದ ಹಾಗೆ.

ಎಷ್ಟು ಹೆಚ್ಚಾಗಿತ್ತು? ಇಳಿದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 100 ಕ್ಯಾಲೊರಿ, ಎಣ್ಣೆ ಸವರದ ಸಾಧಾರಣ ಚಪಾತಿ ಒಂದರಷ್ಟು. ಖರ್ಚು ತಗ್ಗುವುದು ಪ್ರತಿ ಕಿಲೋಗೆ 20ರಿಂದ 30 ಕ್ಯಾಲೊರಿ. ಹಸಿವಿನ ಕೈ ಖರ್ಚಿನ ಕೈಗಿಂತ ಮೂರು–ನಾಲ್ಕು ಪಟ್ಟು ಗಟ್ಟಿ ಎಂದಾಯಿತು. ಎರಡನ್ನೂ ಕೂಡಿಸಿ: ಒಂದು ಕಿಲೋಗೆ 125. ಅದರಿಂದ 360ನ್ನು ಭಾಗಿಸಿದರೆ ಬರುವುದು ಸುಮಾರು ಮೂರು. ಮುಳ್ಳು ಅಲ್ಲೇ ಯಾಕೆ ನಿಂತಿತು ಎಂಬುದಕ್ಕೆ ಲೆಕ್ಕ ಸಿಕ್ಕಿತು.

ಈಗ ಅದೇ ಅಂಕಿಗಳನ್ನು ಪಾರ್ಕಿನಲ್ಲಿ ಸುತ್ತು ಹೊಡೆದವರಿಗೆ ಹಚ್ಚಿ ನೋಡಿ. 80 ಕಿಲೋ ಇದ್ದವರು 72ಕ್ಕೆ ಬಂದಿದ್ದಾರೆ ಎನ್ನೋಣ. ಎಂಟು ಕಿಲೋಗೆ ಮೈಯ ಖರ್ಚು ದಿನಕ್ಕೆ 200 ಕ್ಯಾಲೊರಿ ಇಳಿದಿದೆ. ಹಸಿವು ಮಾತ್ರ ಮೊದಲಿಗಿಂತ 800 ಕ್ಯಾಲೊರಿ ಜಾಸ್ತಿ ಕೇಳುತ್ತಿದೆ. 72ರಲ್ಲೇ ನಿಲ್ಲಬೇಕಾದರೆ ಹೊಟ್ಟೆ ಕೇಳಿದ್ದಕ್ಕಿಂತ ದಿನಕ್ಕೆ ಸಾವಿರ ಕ್ಯಾಲೊರಿ ಕಡಿಮೆ ತಿನ್ನುತ್ತಿರಬೇಕು. ಅದೂ ನಾಳೆ, ನಾಡಿದ್ದು, ಮುಂದಿನ ವರ್ಷ. ಪಥ್ಯದವರ ತೂಕ ಆರೆಂಟು ತಿಂಗಳಲ್ಲಿ ನಿಂತು, ಆಮೇಲೆ ನಿಧಾನಕ್ಕೆ ಏರುವುದಕ್ಕೆ ಹಾಲ್ ಕೊಡುವ ವಿವರಣೆ ಇದು. ಪಡುವ ಕಷ್ಟ ಮೊದಲ ದಿನದಷ್ಟೇ ಇರುತ್ತದೆ. ಆದರೆ ಅದೇ ಕಷ್ಟಕ್ಕೆ ಸಿಗುವ ಕಡಿತ ತಿಂಗಳು ತಿಂಗಳೂ ಸಣ್ಣದಾಗುತ್ತ ಹೋಗುತ್ತದೆ. ‘ನಾನು ಮೊದಲಿನ ಹಾಗೇ ತಿಂತಿದ್ದೀನಿ, ಆದರೂ ಇಳೀತಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಹಾಗೇ ಅನಿಸುತ್ತಿರುತ್ತದೆ.

ಈ ಲೆಕ್ಕಕ್ಕೆ ಮಿತಿಯೂ ಇದೆ. ಅದು ಸಕ್ಕರೆ ಕಾಯಿಲೆ ಇದ್ದವರ ಸರಾಸರಿ, ಅದೂ ಕೆಲವೇ ಕಿಲೋ ಇಳಿದವರದು. ಎಂಟು ಕಿಲೋವರೆಗೂ ಅದೇ ಗೆರೆಯನ್ನು ಎಳೆದದ್ದು ಒಂದು ಅಂದಾಜು ಮಾತ್ರ. ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ದೊಡ್ಡದು.

ವರ್ಷ ಕಳೆದರೂ ಎಚ್ಚರ ಆರುವುದಿಲ್ಲ

ಮೆಲ್ಬರ್ನ್‌ನ ಸಂಶೋಧಕರು 50 ಮಂದಿಗೆ ಹತ್ತು ವಾರ ತೀರಾ ಕಡಿಮೆ ಆಹಾರ ಕೊಟ್ಟು ಸರಾಸರಿ 13.5 ಕಿಲೋ ಇಳಿಸಿದರು. ಒಂದು ವರ್ಷದ ಬಳಿಕ ಕರೆಸಿ ರಕ್ತ ಪರೀಕ್ಷಿಸಿದರೆ, ಹಸಿವನ್ನು ಏರಿಸುವ ಗ್ರೆಲಿನ್ ಆಗಲೂ ಮೇಲೆಯೇ ಇತ್ತು, ಲೆಪ್ಟಿನ್ ಕೆಳಗೇ ಇತ್ತು. ಸ್ವಲ್ಪ ದಿನ ತಡೆದುಕೊಂಡರೆ ಹಸಿವು ಒಗ್ಗಿಹೋಗುತ್ತದೆ ಎಂಬ ನಂಬಿಕೆಗೆ 2011ರ ಈ ವರದಿ ನೀರೆರೆಯಲಿಲ್ಲ.

ದಿನಕ್ಕೊಂದು ಚಪಾತಿ ಹೆಚ್ಚಾದರೆ ಹತ್ತು ವರ್ಷಕ್ಕೆ 47 ಕಿಲೋ ಏರುವುದಿಲ್ಲ

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಹೆದರಿಸಲೆಂದೇ ಬರುವ ಲೆಕ್ಕವಿದು: ದಿನಕ್ಕೆ 100 ಕ್ಯಾಲೊರಿ ಹೆಚ್ಚು, ವರ್ಷಕ್ಕೆ 36,500, ಭಾಗಿಸು 7,700ರಿಂದ, ವರ್ಷಕ್ಕೆ 4.7 ಕಿಲೋ, ಹತ್ತು ವರ್ಷಕ್ಕೆ 47. ಕೂಡು, ಗುಣಿಸು, ಎಲ್ಲ ಸರಿ. ಮೈ ಮಾತ್ರ ಹಾಗೆ ನಡೆದುಕೊಳ್ಳುವುದಿಲ್ಲ. ತೂಕ ಏರಿದಂತೆಲ್ಲ ಆ ಹೆಚ್ಚಿನ ಮೈಯನ್ನು ಸಾಕಲು, ಹೊತ್ತು ತಿರುಗಲು ಖರ್ಚೂ ಏರುತ್ತದೆ. ಕೊನೆಗೆ ಹೆಚ್ಚು ತಿಂದದ್ದೂ ಹೆಚ್ಚು ಖರ್ಚಾದದ್ದೂ ಸಮವಾಗಿ ತೂಕ ನಿಲ್ಲುತ್ತದೆ. 2011ರಲ್ಲಿ ಹಾಲ್ ತಂಡ ಕೊಟ್ಟ ಅಂದಾಜಿನಂತೆ ದಿನಕ್ಕೆ 24 ಕ್ಯಾಲೊರಿ ಹೆಚ್ಚಾದರೆ ಒಟ್ಟಾರೆ ಒಂದು ಕಿಲೋ. ಅದರ ಅರ್ಧ ಮೊದಲ ವರ್ಷದಲ್ಲಿ, ಹೆಚ್ಚುಕಡಿಮೆ ಪೂರ್ತಿ ಮೂರು ವರ್ಷದಲ್ಲಿ. ಚಪಾತಿಯ ಲೆಕ್ಕ 47ರಿಂದ ನಾಲ್ಕು ಕಿಲೋಗೆ ಇಳಿಯಿತು.

ಇಲ್ಲೊಂದು ಸೂಕ್ಷ್ಮವಿದೆ. ಈ ನಿಲ್ಲುವಿಕೆಗೆ ಯಾವ ಕಾವಲೂ ಬೇಕಿಲ್ಲ, ದೊಡ್ಡ ಮೈಗೆ ದೊಡ್ಡ ಖರ್ಚು ಎಂಬ ಸಾದಾ ಭೌತಶಾಸ್ತ್ರ ಸಾಕು. ಆದ್ದರಿಂದಲೇ ಕೆಲವರು ‘ಸೆಟ್ ಪಾಯಿಂಟ್ ಅಂತ ಯಾವುದೂ ಇಲ್ಲ, ತೂಕ ಎಲ್ಲೋ ಒಂದು ಕಡೆ ಹೋಗಿ ಕೂರುತ್ತದೆ ಅಷ್ಟೆ’ ಎನ್ನುತ್ತಾರೆ. ಏರುವ ದಿಕ್ಕಿಗೆ ಅವರ ಮಾತಿನಲ್ಲಿ ಹುರುಳಿದೆ. ಇಳಿಯುವ ದಿಕ್ಕಿನಲ್ಲಿ ಮಿನ್ನೆಸೋಟದ ಹುಡುಗರ ಹಸಿವನ್ನೂ ಮಾತ್ರೆ ನುಂಗಿದವರ ಚಪಾತಿಯನ್ನೂ ವಿವರಿಸಲು ಅದು ಸಾಲದು.

ಸಾವಿರ ಕ್ಯಾಲೊರಿ ಹೆಚ್ಚು ತಿಂದರೂ ಅರ್ಧ ಕಿಲೋ ಕೊಬ್ಬೂ ಕೂಡದವರಿದ್ದಾರೆ

ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೇಮ್ಸ್ ಲೆವೈನ್ 16 ಮಂದಿಗೆ ಎಂಟು ವಾರ ದಿನವೂ ಬೇಕಾದದ್ದಕ್ಕಿಂತ ಸಾವಿರ ಕ್ಯಾಲೊರಿ ಹೆಚ್ಚು ಉಣಿಸಿದರು. ಒಬ್ಬರಿಗೆ 0.36 ಕಿಲೋ ಕೊಬ್ಬು ಕೂಡಿತು, ಇನ್ನೊಬ್ಬರಿಗೆ 4.23 ಕಿಲೋ. ಕೂಡದವರು ವ್ಯಾಯಾಮ ಮಾಡಿರಲಿಲ್ಲ. ಎದ್ದು ಓಡಾಡುವುದು, ಕೂತಲ್ಲೇ ಮಿಸುಕಾಡುವುದು, ನೆಟ್ಟಗೆ ನಿಲ್ಲುವುದು ತಮಗರಿವಿಲ್ಲದೆ ಹೆಚ್ಚಾಗಿತ್ತು. ತೂಕ ಏರದಂತೆ ತಡೆಯುವ ಮೇಲಿನ ಬೇಲಿ ಕೆಲವರಿಗೆ ಗಟ್ಟಿ, ಕೆಲವರಿಗೆ ಇಲ್ಲವೇ ಇಲ್ಲ.

ಹಬ್ಬದಲ್ಲಿ ಬಂದದ್ದು ಹಬ್ಬದ ಜೊತೆ ಹೋಗುವುದಿಲ್ಲ

ಅಮೆರಿಕದಲ್ಲಿ ನವೆಂಬರಿನಿಂದ ಹೊಸ ವರ್ಷದವರೆಗೆ ಹಬ್ಬದ ಕಾಲ. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅವಧಿಯಲ್ಲಿ ಜನರ ತೂಕ ಸರಾಸರಿ 0.37 ಕಿಲೋ ಏರುವುದನ್ನು ಕಂಡಿತು. ಜನ ಹೆದರುವಷ್ಟು ದೊಡ್ಡದೇನಲ್ಲ. ಆದರೆ ಮುಂದಿನ ತಿಂಗಳುಗಳಲ್ಲಿ ಅದು ಇಳಿಯಲೂ ಇಲ್ಲ. ಅಷ್ಟೇ ತೂಕ ಇಳಿದಿದ್ದರೆ ಮೈ ಎಳೆದು ಸರಿಮಾಡುತ್ತಿತ್ತು, ಏರಿದ್ದನ್ನು ಗಮನಿಸಲೇ ಇಲ್ಲ. ನಮ್ಮ ದಸರಾ–ದೀಪಾವಳಿಯ ಹೋಳಿಗೆ, ಚಕ್ಕುಲಿಗಳಿಗೆ ಮೈ ಬೇರೆ ನಿಯಮ ಹಾಕಿಕೊಂಡಿರಲಿಕ್ಕಿಲ್ಲ.

ಮೇಲಿನ ಬೇಲಿ ಯಾಕೆ ಸಡಿಲ?

ಜಾನ್ ಸ್ಪೀಕ್‌ಮನ್ ಎಂಬ ಬ್ರಿಟಿಷ್ ಜೀವವಿಜ್ಞಾನಿಯ ಪ್ರಕಾರ ಇರುವುದು ಒಂದು ಬಿಂದುವಲ್ಲ, ಎರಡು. ಕೆಳಗಿನದನ್ನು ಇಟ್ಟದ್ದು ಹಸಿವಿನ ಭಯ, ಮೇಲಿನದನ್ನು ಇಟ್ಟದ್ದು ಹುಲಿ–ಸಿಂಹಗಳ ಭಯ. ಕೊಬ್ಬಿದ ಪ್ರಾಣಿ ಓಡಲಾರದು, ಸಿಕ್ಕಿಬೀಳುತ್ತದೆ. ಇವೆರಡರ ನಡುವೆ ತೂಕ ಎಲ್ಲಾದರೂ ಅಲೆದಾಡಬಹುದು, ಆ ನಡುವಿನ ಜಾಗದಲ್ಲಿ ಊಟ, ಕೆಲಸ, ಸುತ್ತಲಿನ ಜನರೇ ತೂಕವನ್ನು ತೀರ್ಮಾನಿಸುತ್ತಾರೆ. ನಮ್ಮ ಪೂರ್ವಜರು ಬೆಂಕಿ, ಆಯುಧ, ಗುಂಪು ಕಟ್ಟಿಕೊಂಡು ಬೇಟೆಗಾರ ಮೃಗಗಳ ಭಯ ಕಳೆದುಕೊಂಡ ಮೇಲೆ ಮೇಲಿನ ಬಿಂದುವನ್ನು ಕಾಯುವ ಜೀನುಗಳು ಒಬ್ಬೊಬ್ಬರಲ್ಲಿ ಒಂದೊಂದು ಕಡೆ ತೇಲಿಹೋದವು ಎಂಬುದು ಅವರ ವಾದ. ಇದನ್ನು ಒಪ್ಪದವರೂ ಇದ್ದಾರೆ. 1962ರಲ್ಲಿ ಜೇಮ್ಸ್ ನೀಲ್ ಹೇಳಿದ ಹಾಗೆ, ಬರಗಾಲಕ್ಕೆಂದು ಕೊಬ್ಬು ಕೂಡಿಡುವ ಜೀನುಗಳನ್ನೇ ನಿಸರ್ಗ ಆರಿಸಿತು ಎನ್ನುವವರು ಇಂದಿಗೂ ಉಂಟು. ಬರಗಾಲವೇ ಆರಿಸಿದ್ದಾದರೆ ಇಷ್ಟು ಜನ ಇನ್ನೂ ತೆಳ್ಳಗೆ ಹೇಗಿದ್ದಾರೆ ಎಂಬುದು ಸ್ಪೀಕ್‌ಮನ್ನರ ಮರುಪ್ರಶ್ನೆ. ನನಗೆ ಅದು ತಕ್ಕ ಪ್ರಶ್ನೆ ಎನಿಸುತ್ತದೆ.

ಹೀರಿ ತೆಗೆದ ಕೊಬ್ಬು ಬೇರೆ ಜಾಗದಲ್ಲಿ ಹುಟ್ಟುತ್ತದೆ

ತೊಡೆಯ ಕೊಬ್ಬನ್ನು ಲೈಪೊಸಕ್ಷನ್ ಮಾಡಿಸಿಕೊಂಡ ಮಹಿಳೆಯರನ್ನು ಅಮೆರಿಕದ ಕೊಲರಾಡೊದಲ್ಲಿ ಒಂದು ವರ್ಷ ಹಿಂಬಾಲಿಸಿ ನೋಡಿದರು. ಮೈಯ ಒಟ್ಟು ಕೊಬ್ಬು ಮೊದಲಿನಷ್ಟಕ್ಕೇ ಮರಳಿತ್ತು. ತೊಡೆಗಲ್ಲ, ಹೊಟ್ಟೆಗೆ.

ಅಳಿಲೊಂದು ತನ್ನ ಬಿಂದುವನ್ನು ತಿಂಗಳು ತಿಂಗಳೂ ಸರಿಸುತ್ತದೆ

ಉತ್ತರ ಅಮೆರಿಕದ ಬೆಟ್ಟಗಳಲ್ಲಿ ಬಿಲ ತೋಡಿ ಬದುಕುವ ಒಂದು ನೆಲ ಅಳಿಲು ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯುತ್ತದೆ. ಅದಕ್ಕೆ ಮೊದಲು ಮೈ ತುಂಬಿಕೊಳ್ಳುತ್ತದೆ. ಟೊರಾಂಟೋದ ನಿಕೊಲಸ್ ಮ್ರೊಸೊವ್‌ಸ್ಕಿ ಈ ಏರಿಳಿತದ ನಡುವೆ ಕೆಲವು ಅಳಿಲುಗಳಿಗೆ ಆಹಾರ ಕಡಿಮೆ ಮಾಡಿ, ಆಮೇಲೆ ಬೇಕಾದಷ್ಟು ಕೊಟ್ಟರು. ಅವು ಕಡಿತದ ದಿನ ಎಷ್ಟಿದ್ದವೋ ಅಲ್ಲಿಗೆ ಮರಳಲಿಲ್ಲ. ಕಡಿತ ಮಾಡದೇ ಬಿಟ್ಟಿದ್ದರೆ ಆ ದಿನಕ್ಕೆ ಎಷ್ಟು ತೂಗುತ್ತಿದ್ದವೋ ಸರಿಯಾಗಿ ಅಲ್ಲಿಗೆ ಹೋಗಿ ನಿಂತವು. ಕಾಯುವ ಬಿಂದು ಇದೆ, ಆದರೆ ಅದು ಕಲ್ಲಿನಲ್ಲಿ ಕೊರೆದದ್ದಲ್ಲ.

ಬಿಂದುವನ್ನು ನಾವೂ ಸರಿಸಬಹುದೇ?

ಔಷಧದಿಂದ ಸದ್ಯಕ್ಕೆ ಹಾಗೆ ಕಾಣುವುದಿಲ್ಲ. ಸೆಮಾಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಂಡ ಒಂದು ಗುಂಪಿನವರು ತೂಕದ ಸುಮಾರು 17 ಪ್ರತಿಶತ ಇಳಿದಿದ್ದರು. ಮದ್ದು ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ಮದ್ದು ಇರುವವರೆಗೆ ಹಸಿವಿನ ದನಿ ಅಡಗಿರುತ್ತದೆ, ಬಿಂದು ಮಾತ್ರ ಇದ್ದಲ್ಲೇ ಇರುತ್ತದೆ ಎಂದೇ ಇದನ್ನು ಓದಬೇಕಾಗುತ್ತದೆ. ರಕ್ತದೊತ್ತಡದ ಮಾತ್ರೆ ಬಿಟ್ಟರೆ ಒತ್ತಡ ಏರುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ, ಇದಕ್ಕೆ ಮಾತ್ರ ಜನ ನಾಚಿಕೊಳ್ಳುತ್ತಾರೆ.

ಶಸ್ತ್ರಚಿಕಿತ್ಸೆಯ ಕಥೆ ಬೇರೆ. ಜಠರದ ಬಹುಭಾಗವನ್ನು ಕತ್ತರಿಸಿ ಕೊಳವೆಯಷ್ಟೇ ಉಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆ ಚಿಕ್ಕದಾದ್ದರಿಂದ ತಿನ್ನಲಾಗದೆ ತೂಕ ಇಳಿಯುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. 2010ರಲ್ಲಿ ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ಇದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯಾಗಿ ತೂಕ ಇಳಿದು ನಿಂತ ಇಲಿಗಳಿಗೆ ಕೆಲವು ದಿನ ಆಹಾರ ಕಡಿಮೆ ಮಾಡಿ ಇನ್ನಷ್ಟು ಇಳಿಸಿದರು. ಆಮೇಲೆ ಬೇಕಾದಷ್ಟು ಹಾಕಿದರು. ಆ ಪುಟ್ಟ ಹೊಟ್ಟೆಯಲ್ಲೇ ಅವು ಎಂದಿಗಿಂತ ಹೆಚ್ಚು ತಿಂದವು. ತಿನ್ನಲು ಜಾಗವಿರಲಿಲ್ಲ ಎಂಬ ವಿವರಣೆ ಅಲ್ಲಿಗೆ ಬಿತ್ತು. ತಿಂದು ತಿಂದು ಶಸ್ತ್ರಚಿಕಿತ್ಸೆಯ ನಂತರದ ತಮ್ಮ ಹೊಸ, ಕಡಿಮೆ ತೂಕಕ್ಕೆ ಮರಳಿದವು. ಅಲ್ಲಿಗೆ ತಲುಪಿದ ಮೇಲೆ ಹೆಚ್ಚು ತಿನ್ನುವುದನ್ನು ನಿಲ್ಲಿಸಿದವು.